ಲೈನ್ ವ್ಯಾನ್ ವಾಪಸ್ ಬಂದಾಗ ನಿಪ್ಪಟ್ಟು ಕಮ್ಮಿ, ಕೋಡುಬಳೆ ಜಾಸ್ತಿ: ಸ್ಟಾಕ್ ತಾಳೆ ಆಗುತ್ತಿಲ್ಲ

ದಾವಣಗೆರೆ ಕುರುಕಲು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕುರುಕಲು ತಿಂಡಿ ಘಟಕ ಇದೆ. ನಾವೇ ಕರಿದು, ನಾವೇ ಪ್ಯಾಕ್ ಮಾಡಿ, ಒಂದು ವ್ಯಾನ್‌ನಲ್ಲಿ ಹರಿಹರ, ಮಲೇಬೆನ್ನೂರು, ಹೊನ್ನಾಳಿ ಲೈನ್‌ಗೆ ಕಳಿಸುತ್ತೇವೆ. ಸೇಲ್ಸ್ ಹುಡುಗ ಮೊಬೈಲ್ ಆ್ಯಪ್‌ನಲ್ಲೇ ಬಿಲ್ ಹಾಕುತ್ತಾನೆ. ಸಂಜೆ ಉಳಿದದ್ದನ್ನೆಲ್ಲ ಇಳಿಸಿಬಿಡುತ್ತೇವೆ, ರಾತ್ರಿ ವ್ಯಾನ್ ಖಾಲಿ.

ಮೊನ್ನೆ ಸೋಮವಾರದ ಲೆಕ್ಕ ನೋಡಿ. ನಿಪ್ಪಟ್ಟು 10 ರೂಪಾಯಿ ಪ್ಯಾಕೆಟ್, ಬಾಕ್ಸ್‌ಗೆ 60. ಲೋಡ್ 5 ಬಾಕ್ಸ್, ಅಂದರೆ 300. ಬಿಲ್ ಆಗಿದ್ದು 212. ಉಳಿಯಬೇಕಾದ್ದು 88, ಎಣಿಸಿದರೆ 66. ಅಂದರೆ 22 ಕಮ್ಮಿ. ಅದೇ ದಿನ ಕೋಡುಬಳೆ ಲೋಡ್ 180, ಬಿಲ್ 131. ಉಳಿಯಬೇಕಾದ್ದು 49, ಇಳಿದದ್ದು 55. ಇಲ್ಲಿ 6 ಜಾಸ್ತಿ!

ಕ್ಯಾಶ್ ಮಾತ್ರ ಬಿಲ್ ಮೊತ್ತಕ್ಕೆ ಪೈಸೆ ಬಿಡದೆ ಸರಿ ಇದೆ. ದಿನಾ ಹೀಗೇ ಏನಾದರೂ ಒಂದು. ತಮ್ಮ ಹೇಳುತ್ತಾನೆ, ಹುಡುಗನ ಸಂಬಳದಲ್ಲಿ ಹಿಡಿ ಅಂತ. ನನಗೆ ಹಾಗೆ ಮಾಡೋಕೆ ಮನಸ್ಸಿಲ್ಲ, ಆದರೆ ಕಾರಣನೂ ಗೊತ್ತಾಗುತ್ತಿಲ್ಲ. ಎಲ್ಲಿಂದ ಹುಡುಕಲಿ?

ಟ್ಯಾಲಿ ತಮ್ಮಯ್ಯ

ಸರ್, ಬಾಕ್ಸ್ ಲೆಕ್ಕ ನೋಡಿ. ನಮ್ಮಲ್ಲಿ ಪ್ಯಾಕಿಂಗ್ ಬದಲಾಗಿ ಬಾಕ್ಸ್‌ಗೆ 60 ಇದ್ದದ್ದು 48 ಆಗಿತ್ತು, ಸಿಸ್ಟಮ್‌ನಲ್ಲಿ ಹಳೇದೇ ಉಳಿದಿತ್ತು. ನೂರಕ್ಕೆ ನೂರು ಅದೇ ಇರುತ್ತೆ. ಅಷ್ಟರ ತನಕ ದಿನಾ ಸಂಜೆ ಟ್ಯಾಲಿಯಲ್ಲಿ Physical Stock ವೋಚರ್ (Ctrl+F7) ಹಾಕಿಬಿಡಿ. ಎಣಿಸಿದ್ದೇ ಸ್ಟಾಕ್ ಆಗುತ್ತೆ, ತಲೆಬಿಸಿ ಇಲ್ಲ. ಇನ್ನು ಕ್ಯಾಶ್ ಸರಿ ಇದೆ ಅಂದಮೇಲೆ ಹುಡುಗ ಕ್ಲೀನ್, ಬಿಡಿ.

ಸೋಡಾ ಫ್ಯಾಕ್ಟರಿ

ನಮ್ಮದೂ ಇದೇ ಗೋಳು. ಗೋಲಿ ಸೋಡಾ. 40 ಕ್ರೇಟ್ ಹೋಗುತ್ತೆ, ಸಂಜೆ 37 ಖಾಲಿ ಕ್ರೇಟ್ ಬರುತ್ತೆ, ಅದರಲ್ಲೂ ಒಡೆದ ಬಾಟಲಿ ಇರುತ್ತೆ. ಅಂಗಡಿಯವರು ನಾಳೆ ಕೊಡ್ತೀನಿ ಅಂತಾರೆ. ನಿಪ್ಪಟ್ಟಿನ ಖಾಲಿ ಬಾಕ್ಸ್ ನೀವು ವಾಪಸ್ ತಗೋತೀರಾ?

ಗೋಡೌನ್ ಲೆಕ್ಕ

ಹುಬ್ಬಳ್ಳಿ ಕಡೆ ಡಿಸ್ಟ್ರಿಬ್ಯೂಟರ್ ಗೋಡೌನ್ ನೋಡಿಕೊಳ್ಳುತ್ತೇನೆ, ಸಂಜೆ ಇಳಿಸೋ ವ್ಯಾನ್‌ಗಳ ಲೆಕ್ಕ ನನ್ನದೇ.

ತಮ್ಮಯ್ಯನವರು ಹೇಳಿದ ಬಾಕ್ಸ್ ವಿಷಯ ನಿಜವಾಗಿಯೂ ಆಗುತ್ತೆ. ಆದರೆ ಅದಕ್ಕೆ ಒಂದು ಗುರುತು ಇದೆ. 60ಕ್ಕೆ ಬದಲು 48 ಹೋಗಿದ್ದರೆ ಒಂದು ಬಾಕ್ಸ್‌ಗೆ 12 ವ್ಯತ್ಯಾಸ ಬರಬೇಕು. ಎರಡಕ್ಕೆ 24, ಮೂರಕ್ಕೆ 36. ಇಲ್ಲಿ ಬಂದಿರೋದು 22. ಅದೊಂದೇ ಕಾರಣ ಆಗಿರೋಕೆ ಸಾಧ್ಯವಿಲ್ಲ.

Physical Stock ವೋಚರ್ ಈಗಲೇ ಬೇಡ. ಅದು ಪುಸ್ತಕದ ಸ್ಟಾಕನ್ನು ಎಣಿಕೆಗೆ ತಂದು ನಿಲ್ಲಿಸುತ್ತೆ ಅಷ್ಟೇ, 22 ಎಲ್ಲಿ ಹೋಯಿತು ಅಂತ ಹೇಳೋದಿಲ್ಲ. ದಿನಾ ಹಾಕುತ್ತಾ ಹೋದರೆ ಪುಸ್ತಕ ಯಾವಾಗಲೂ ಸರಿ ಕಾಣುತ್ತೆ, ಮಾಲು ಸೋರುತ್ತಾನೇ ಇರುತ್ತೆ.

ಇನ್ನೊಂದು. ಕ್ಯಾಶ್ ಸರಿ ಇದ್ದರೆ ಹುಡುಗ ಕ್ಲೀನ್ ಅನ್ನೋದೂ ಅಲ್ಲ, ಕಳ್ಳ ಅನ್ನೋದೂ ಅಲ್ಲ. ಕ್ಯಾಶನ್ನು ತಾಳೆ ನೋಡಿದ್ದು ಅವನೇ ಹಾಕಿದ ಬಿಲ್ ಜೊತೆಗೆ ಅಲ್ವಾ? ಬಿಲ್ ಇಲ್ಲದೆ ಹೋದ ಪ್ಯಾಕೆಟ್ ಎರಡು ಕಡೆಯೂ ಇರೋದಿಲ್ಲ. ಹಾಗಾಗಿ ಬಿಲ್ ಇಲ್ಲದೆ ವ್ಯಾನ್‌ನಿಂದ ಮಾಲು ಇಳಿಯೋ ದಾರಿಗಳನ್ನು ಮೊದಲು ಪಟ್ಟಿ ಮಾಡಬೇಕು.

ಕುರುಕಲು ಸರ್, ಇಷ್ಟು ಹೇಳಿ. ನಿಪ್ಪಟ್ಟಿಗೆ ಸ್ಕೀಮ್ ಇದೆಯಾ? ಹಳೇ ಪ್ಯಾಕೆಟ್‌ಗೆ ಬದಲಿ ಕೊಡುತ್ತೀರಾ? ಕೊಟ್ಟರೆ ಆ ಹಳೇ ಪ್ಯಾಕೆಟ್ ಸಂಜೆ ಎಲ್ಲಿ ಹೋಗುತ್ತೆ? ಆ್ಯಪ್‌ನ ಪಟ್ಟಿಯಲ್ಲಿ ನಿಪ್ಪಟ್ಟು, ಕೋಡುಬಳೆ ಅಕ್ಕಪಕ್ಕ ಇವೆಯಾ?

ಸೋಡಾ ಅಣ್ಣಾ, ನಿಮ್ಮದು ಬೇರೆ ಕಥೆ. ಖಾಲಿ ಬಾಟಲಿಯನ್ನೂ ಕ್ರೇಟನ್ನೂ ಬೇರೆ ಐಟಂ ಮಾಡಿ, ಅಂಗಡಿ ಅಂಗಡಿಗೆ ಬಾಕಿ ಇಡಬೇಕು. ಅದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಬೆರೆಸೋದು ಬೇಡ.

ದಾವಣಗೆರೆ ಕುರುಕಲು

ಮೇಡಂ, ಸ್ಕೀಮ್ ಇದೆ. ನಿಪ್ಪಟ್ಟು ಡಜನ್ ತಗೊಂಡರೆ ಒಂದು ಫ್ರೀ. ಕೋಡುಬಳೆಗೆ ಇಲ್ಲ. ಫ್ರೀ ಪ್ಯಾಕೆಟ್ ಆ್ಯಪ್‌ನಲ್ಲಿ ಬರೋದಿಲ್ಲ, ಕೈಯಲ್ಲೇ ಕೊಡೋದು. ಗಾಳಿ ಹೋದದ್ದು, ಕನರು ವಾಸನೆ ಬಂದದ್ದು ಇದ್ದರೆ ಅಂಗಡಿಯವರು ವಾಪಸ್ ಕೊಡುತ್ತಾರೆ, ಹುಡುಗ ಅಲ್ಲೇ ಹೊಸದು ಕೊಡುತ್ತಾನೆ. ಹಳೇದನ್ನು ಸೀಟಿನ ಹಿಂದೆ ಗೋಣಿಚೀಲಕ್ಕೆ ಹಾಕುತ್ತಾನೆ. ಅದನ್ನು ಯಾರೂ ಎಣಿಸೋದಿಲ್ಲ. ಆ್ಯಪ್‌ನಲ್ಲಿ ಎರಡೂ ಒಂದರ ಕೆಳಗೆ ಒಂದು, ರೇಟೂ ಒಂದೇ.

ಗೋಡೌನ್ ಲೆಕ್ಕ

ಹಾಗಾದರೆ ಸೋಮವಾರದ ಬಿಲ್‌ಗಳನ್ನು ತೆಗೆದುಕೊಂಡು ಕೂತುಕೊಳ್ಳಿ, ಮೂರು ಕೆಲಸ.

ಮೊದಲು ಕೋಡುಬಳೆಯ 6. ಕಮ್ಮಿ ಬಂದರೆ ನೂರೆಂಟು ಕಾರಣ, ಜಾಸ್ತಿ ಬಂದರೆ ಕೆಲವೇ. ಒಂದೋ ಬೆಳಿಗ್ಗೆ ಲೋಡ್ ಬರೆಯುವಾಗ ಕಮ್ಮಿ ಬರೆದಿರಬೇಕು, ಇಲ್ಲವೇ ಬದಲಿ ಕೊಡದೆ ವಾಪಸ್ ತಗೊಂಡ ಹಳೇ ಪ್ಯಾಕೆಟ್ ಒಳ್ಳೇದರ ಜೊತೆ ಎಣಿಕೆಗೆ ಸೇರಿರಬೇಕು, ಅಥವಾ ಬಿಲ್‌ನಲ್ಲಿ ಕೋಡುಬಳೆ ಒತ್ತಿ ಕೈಯಲ್ಲಿ ನಿಪ್ಪಟ್ಟು ಕೊಟ್ಟಿರಬೇಕು. ರೇಟ್ ಒಂದೇ ಆದ್ದರಿಂದ ಕ್ಯಾಶ್ ಏನೂ ಬದಲಾಗೋದಿಲ್ಲ. 6 ಕೋಡುಬಳೆ ಇರೋ ಬಿಲ್‌ಗಳನ್ನು ಹುಡುಕಿ, ಆ ಅಂಗಡಿಗೆ ಫೋನ್ ಮಾಡಿ ಏನು ಬಂತು ಅಂತ ಕೇಳಿ. ಹುಡುಗನ ಕೈಯಲ್ಲಿ ಕೇಳಿಸಬೇಡಿ, ನೀವೇ ಕೇಳಿ.

ಎರಡನೇದು ಸ್ಕೀಮ್. ಪ್ರತಿ ಬಿಲ್‌ನಲ್ಲಿ ಪೂರ್ತಿ ಡಜನ್ ಎಷ್ಟು ಅಂತ ನೋಡಿ ಕೂಡಿ. 212 ಅನ್ನು 12ರಿಂದ ಭಾಗಿಸಿದರೆ 17 ಬರುತ್ತೆ, ಅದು ತಪ್ಪು. 8, 6 ತಗೊಂಡ ಅಂಗಡಿಗೆ ಫ್ರೀ ಇಲ್ಲ, 30 ತಗೊಂಡವರಿಗೆ ಎರಡೇ.

ಮೂರನೇದು ಗೋಣಿಚೀಲ. ಸೋಮವಾರದ್ದು ಇನ್ನೂ ಇದ್ದರೆ ಸುರಿದು ಎಣಿಸಿ.

ದಾವಣಗೆರೆ ಕುರುಕಲು

ಮಾಡಿದೆ ಮೇಡಂ. ಮಲೇಬೆನ್ನೂರಿನ ಒಂದು ಬೇಕರಿಗೆ 6 ಕೋಡುಬಳೆ ಅಂತ ಬಿಲ್ ಇದೆ. ಅವರು ‘ನಮಗೆ ಬಂದದ್ದು ನಿಪ್ಪಟ್ಟು, ಕೋಡುಬಳೆ ನಾವು ಇಡೋದೇ ಇಲ್ಲ’ ಅಂದರು. ಅಲ್ಲಿಗೆ ಕೋಡುಬಳೆ ಪೂರ್ತಿ ಸರಿಹೋಯಿತು, ನಿಪ್ಪಟ್ಟು 22 ಇದ್ದದ್ದು 16ಕ್ಕೆ ಬಂತು. ಪೂರ್ತಿ ಡಜನ್ ಕೂಡಿದರೆ 11. ಉಳಿದದ್ದು 5. ಚೀಲದಲ್ಲಿ ನಿಪ್ಪಟ್ಟಿನ ಹಳೇ ಪ್ಯಾಕೆಟ್ 4 ಸಿಕ್ಕಿತು. ಲೆಕ್ಕ ಸಿಗದೇ ಇರೋದು ಈಗ ಒಂದೇ ಪ್ಯಾಕೆಟ್!

ಟ್ಯಾಲಿ ತಮ್ಮಯ್ಯ

ಸಖತ್. ಆದರೆ ದಿನಾ ಹೀಗೆ ಫೋನ್ ಮಾಡುತ್ತಾ ಕೂರೋಕೆ ಆಗುತ್ತಾ?

ಗೋಡೌನ್ ಲೆಕ್ಕ

ಆಗಲ್ಲ. ಅದಕ್ಕೇ ಸಂಜೆಯ ಹಾಳೆಯಲ್ಲಿ ಫ್ರೀ ಮತ್ತು ಬದಲಿಗೆ ಬೇರೆ ಬೇರೆ ಕಾಲಂ ಇರಬೇಕು. ಎಕ್ಸೆಲ್ ಸಾಕು. A ಐಟಂ, B ಲೋಡ್, C ಬಿಲ್, D ಫ್ರೀ, E ಬದಲಿ ಕೊಟ್ಟದ್ದು, F ಎಣಿಸಿದ ಒಳ್ಳೇ ಮಾಲು, G ಚೀಲದಲ್ಲಿ ಬಂದ ಹಳೇ ಮಾಲು. ಮಧ್ಯಾಹ್ನ ಎರಡನೇ ಲೋಡ್ ಹೋದರೆ ಅದನ್ನೂ Bಗೆ ಸೇರಿಸಿ. H ಕಾಲಂನಲ್ಲಿ ವ್ಯತ್ಯಾಸ:

```
=F2-(B2-C2-D2-E2)
```

ಮೈನಸ್ ಬಂದರೆ ಕಮ್ಮಿ, ಪ್ಲಸ್ ಬಂದರೆ ಜಾಸ್ತಿ. E ಮತ್ತು G ಒಂದೇ ಆಗಿರಬೇಕು, ಅದು ಇನ್ನೊಂದು ತಾಳೆ. ಐದು ಬದಲಿ ಕೊಟ್ಟೆ ಅಂದು ಚೀಲದಲ್ಲಿ ಮೂರೇ ಇದ್ದರೆ ಕೇಳಬೇಕಾದ ಮಾತು.

ಇಲ್ಲಿ ಹುಷಾರಾಗಿ ನೋಡಬೇಕಾದ ಜಾಗ ಒಂದಿದೆ. E ಖಾಲಿ ಬಿಟ್ಟು, ಚೀಲದ ಹಳೇ ಪ್ಯಾಕೆಟನ್ನು ಒಳ್ಳೇದರ ಜೊತೆ ಎಣಿಸಿಬಿಟ್ಟರೆ ಲೆಕ್ಕ ಚೆನ್ನಾಗಿಯೇ ಕೂಡುತ್ತೆ. ಹೊಸದೊಂದು ಹೋಯಿತು, ಹಳೇದೊಂದು ಬಂತು, ವ್ಯತ್ಯಾಸ ಸೊನ್ನೆ. ಆದರೆ ನಾಳೆ ಬೆಳಿಗ್ಗೆ ಅದೇ ಕನರು ನಿಪ್ಪಟ್ಟು ಮತ್ತೆ ಲೈನ್‌ಗೆ ಹೋಗುತ್ತೆ. ಅಂಕಿ ಕೂಡಿದರೆ ಎಲ್ಲ ಸರಿ ಅಂದುಕೊಳ್ಳೋ ಗೋಡೌನ್‌ಗಳಲ್ಲಿ ಇದು ಜಾಸ್ತಿ.

ಟ್ಯಾಲಿಯಲ್ಲಿ ಮಾಡೋದಾದರೆ ವ್ಯಾನ್‌ಗೊಂದು, ಹಾಳಾದ ಮಾಲಿಗೊಂದು ಗೋಡೌನ್ ತೆರೆಯಿರಿ. ಬೆಳಿಗ್ಗೆ Stock Journal (Alt+F7) ಹಾಕಿ ಮಾಲನ್ನು ಮೇನ್‌ನಿಂದ ವ್ಯಾನ್‌ಗೆ ಕಳಿಸಿ. ಸೇಲ್ಸ್ ಬಿಲ್‌ನಲ್ಲಿ ಗೋಡೌನ್ ಅಂತ ವ್ಯಾನ್ ಅನ್ನೇ ಆರಿಸಬೇಕು. ಬದಲಿ ಕೊಟ್ಟ 4 ಪ್ಯಾಕೆಟ್ ವ್ಯಾನ್‌ನಿಂದ ಹಾಳಾದ ಗೋಡೌನ್‌ಗೆ. ಸಂಜೆ ಎಣಿಸಿದ ಒಳ್ಳೇ ಮಾಲು ಮಾತ್ರ ಮೇನ್‌ಗೆ. ಅಷ್ಟಾದ ಮೇಲೆ ವ್ಯಾನ್ ಗೋಡೌನ್‌ನಲ್ಲಿ ಏನು ಉಳಿಯುತ್ತೋ ಅದೇ ಆವತ್ತಿನ ವ್ಯತ್ಯಾಸ. ಸೊನ್ನೆ ಇರಬೇಕು.

ಫ್ರೀ ಪ್ಯಾಕೆಟ್ ಬಿಲ್‌ನಲ್ಲೇ ಬರಲಿ. ಟ್ಯಾಲಿಯಲ್ಲಿ Actual ಮತ್ತು Billed ಅಂತ ಎರಡು ಕಾಲಂ ಆನ್ ಮಾಡಬಹುದು, ಹೋದದ್ದು 13, ದುಡ್ಡು 12ಕ್ಕೆ. ಒಂದು ತಗೊಂಡರೆ ಒಂದು ಫ್ರೀ ಅನ್ನೋ ಥರದ ಸ್ಕೀಮ್ ಬಗ್ಗೆ 2019ರ ಮಾರ್ಚ್‌ನಲ್ಲಿ ಜಿಎಸ್‌ಟಿ ಸುತ್ತೋಲೆ ಬಂದಿದೆ. ಅದರ ಪ್ರಕಾರ ಅದು ಸುಮ್ನೆ ಕೊಟ್ಟ ಗಿಫ್ಟ್ ಅಲ್ಲ, ಅಷ್ಟೂ ಮಾಲನ್ನು ಆ ಒಂದು ಬೆಲೆಗೆ ಮಾರಿದ ಹಾಗೆ. ಬಿಲ್‌ನಲ್ಲಿ ಕಾಣದೇ ಹೋದರೆ ಅದನ್ನು ತೋರಿಸೋದು ಹೇಗೆ? ಹಾಳಾಗಿ ಬಿಸಾಕಿದ ಮಾಲಿನ ಇನ್‌ಪುಟ್ ಟ್ಯಾಕ್ಸ್ ಮಾತ್ರ ಬೇರೆ ವಿಷಯ, ನಿಮ್ಮ ಆಡಿಟರ್ ಹತ್ತಿರ ಮಾತಾಡಿ.

ಹಳೇ ಲೈನ್‌ಮನ್

ನಾನು ಬಹಳ ವರ್ಷ ವ್ಯಾನ್ ಮೇಲೆ ಇದ್ದವನು, ಹುಡುಗನ ಕಡೆಯಿಂದ ಒಂದು ಮಾತು. ಬೆಳಿಗ್ಗೆ ಲೋಡ್ ಮಾಡೋವಾಗ ಅವನನ್ನೂ ನಿಲ್ಲಿಸಿ ಎಣಿಸಿ, ಸೈನ್ ಹಾಕಿಸಿ. ಸೀಲ್ ಇರೋ ಬಾಕ್ಸ್ ಅಂತ ಬಿಟ್ಟರೆ 59 ಇದ್ದರೂ ಅವನ ತಲೆಗೇ ಬರುತ್ತೆ. ನಿಮ್ಮ ಆ ಒಂದು ಪ್ಯಾಕೆಟ್ ಪ್ಯಾಕಿಂಗ್‌ನಲ್ಲೇ ಹೋಗಿರಬಹುದು.

ಸಂಜೆ ಎಣಿಸೋನಿಗೆ ಎಷ್ಟು ಬರಬೇಕು ಅಂತ ಮೊದಲೇ ಹೇಳಬೇಡಿ. 88 ಬರಬೇಕು ಅಂದರೆ 88 ಬರೋ ತನಕ ಎಣಿಸುತ್ತಾನೆ, ಚೀಲದ್ದನ್ನೂ ಸೇರಿಸಿ. ಬರೆದ ಮೇಲೆ ಆ್ಯಪ್ ತೆಗೆಯಿರಿ.

ಮತ್ತೆ, ಹುಡುಗನನ್ನು ಒಂದು ಮಾತೂ ಕೇಳದೆ ಸಂಬಳದಲ್ಲಿ ಹಿಡಿಯೋದು ಕಾನೂನಿಗೂ ಒಪ್ಪೋದಿಲ್ಲ. ನಿಮ್ಮ ತಮ್ಮನಿಗೆ ಹೇಳಿ.

ದಾವಣಗೆರೆ ಕುರುಕಲು

ಹೇಳ್ತೀನಿ ಅಣ್ಣಾ. ಸೋಮವಾರವೇ ಹಿಡಿದಿದ್ದರೆ ಆ ಹುಡುಗ 220 ರೂಪಾಯಿ ಸುಮ್ನೆ ಕಟ್ಟಬೇಕಿತ್ತು. ನಿಜವಾಗಿ ಕಮ್ಮಿ ಬಂದರೆ ಎಂಆರ್‌ಪಿ ರೇಟಿಗೆ ಹಿಡಿಯೋದಾ, ಅಂಗಡಿಗೆ ಕೊಡೋ ರೇಟಿಗಾ?

ಟ್ಯಾಲಿ ತಮ್ಮಯ್ಯ

ಎಂಆರ್‌ಪಿ. ಭಯ ಇರಬೇಕು.

ಹಳೇ ಲೈನ್‌ಮನ್

ಅಂಗಡಿ ರೇಟ್. ನಿಮಗೆ ಆದ ನಷ್ಟ ಅಷ್ಟೇ, ಅದಕ್ಕಿಂತ ಜಾಸ್ತಿ ಹಿಡಿದರೆ ಅದು ಲಾಭ.

ಗೋಡೌನ್ ಲೆಕ್ಕ

ನಾವು ಒಂದೆರಡು ಪ್ಯಾಕೆಟ್‌ಗೆ ಹಿಡಿಯೋದೇ ಇಲ್ಲ, ಬರೆದಿಡುತ್ತೇವೆ. ಒಂದೇ ಐಟಂ, ಒಂದೇ ವಾರದ ದಿನ, ಒಂದೇ ಲೈನ್‌ನಲ್ಲಿ ಮತ್ತೆ ಮತ್ತೆ ಕಮ್ಮಿ ಬಂದರೆ ಆಗ ವಿಚಾರಿಸುತ್ತೇವೆ.

ದಾವಣಗೆರೆ ಕುರುಕಲು

ಆ್ಯಪ್‌ನವರಿಗೆ ಫ್ರೀ ಕಾಲಂ ಕೇಳಿದ್ದೇನೆ, ಇನ್ನೂ ಉತ್ತರ ಇಲ್ಲ. ಕೋಡುಬಳೆಯನ್ನು ಪಟ್ಟಿಯ ಕೊನೆಗೆ ಹಾಕಿಸಿದೆ. ಇವತ್ತು ನಿಪ್ಪಟ್ಟು, ಕೋಡುಬಳೆ ಎರಡೂ ಕೂಡಿದವು. ಆದರೆ ಖಾರ ಮಿಕ್ಸ್ಚರ್ ನಿನ್ನೆ 9 ಕಮ್ಮಿ, ಇವತ್ತು 9 ಜಾಸ್ತಿ.

ಗೋಡೌನ್ ಲೆಕ್ಕ

ನಿನ್ನೆಯ ಕೊನೆಯ ಬಿಲ್ ನಂಬರ್, ಇವತ್ತಿನ ಮೊದಲ ಬಿಲ್ ನಂಬರ್ ನೋಡಿ. ಹೊನ್ನಾಳಿ ಕಡೆ ನೆಟ್‌ವರ್ಕ್ ಸಿಗದೆ ನಿನ್ನೆಯ ಬಿಲ್ ಇವತ್ತಿನ ತಾರೀಖಿಗೆ ಬಂದಿದೆಯಾ ಅಂತ ನನ್ನ ಅನುಮಾನ. ಹಾಗಿದ್ದರೆ ನಿನ್ನೆಯ ಕ್ಯಾಶೂ ಆ 9 ಪ್ಯಾಕೆಟ್‌ನಷ್ಟು ಜಾಸ್ತಿ ಬಂದಿರಬೇಕು. ಬಂದಿತ್ತಾ?

ದಾವಣಗೆರೆ ಕುರುಕಲು

ಹೊನ್ನಾಳಿ ಕಡೆ ಮಿಕ್ಸ್ಚರ್ ತಗೊಳ್ಳೋ ಅಂಗಡಿ ಸಾಲದ್ದು ಮೇಡಂ, ಕ್ಯಾಶ್‌ನಲ್ಲಿ ಗೊತ್ತಾಗಲ್ಲ. ಬಿಲ್ ನಂಬರ್ ನೋಡಿ ಬೆಳಿಗ್ಗೆ ಹಾಕುತ್ತೇನೆ.

ಸೋಡಾ ಫ್ಯಾಕ್ಟರಿ

ನನ್ನ ಬೇರೆ ಪೋಸ್ಟ್ ಹಾಕಿದ್ದೇನೆ, ಅದಕ್ಕೆ ಇನ್ನೂ ಯಾರೂ ಬಂದಿಲ್ಲ.