ಚರ್ಮವೈದ್ಯೆಯನ್ನು ಕೇಳಿ: ಎದೆ, ಹೊಟ್ಟೆ, ಬೆನ್ನಿನ ಕೂದಲಿಗೆ ಟ್ರಿಮ್ಮರ್

ದಟ್ಟಾರಣ್ಯ: ಮೇಡಂ, ಎದೆ ಹೊಟ್ಟೆ ಎರಡೂ ಕಾಡು. ಕೂದಲು ಮೂರು ಸೆಂಟಿಮೀಟರ್ ಇರಬಹುದು. ಬೋಳು ಮಾಡ್ಕೊಳ್ಳೋಕೆ ಇಷ್ಟ ಇಲ್ಲ, ಹೀಗೇ ಬಿಡೋಕೂ ಇಷ್ಟ ಇಲ್ಲ. ಎಷ್ಟು ಮಿ.ಮೀ. ಬಿಡಲಿ?

ಚರ್ಮವೈದ್ಯೆ: ಮೊದಲ ಸಲ ಅಂದ್ರೆ ಎದೆಗೆ 9, ಹೊಟ್ಟೆಗೆ 6. ಆದರೆ ನೇರವಾಗಿ ಅಲ್ಲಿಗೆ ಹೋಗಬೇಡಿ. ಮೂರು ಸೆಂ.ಮೀ. ಕೂದಲಿಗೆ ಸಣ್ಣ ಗಾರ್ಡ್ ಹಾಕಿದರೆ ಅದು ಕತ್ತರಿಸೋದಿಲ್ಲ, ಸಿಕ್ಕಿಸಿಕೊಂಡು ಎಳೆಯುತ್ತೆ. ಸ್ನಾನಕ್ಕೆ ಮುಂಚೆ, ಮೈ ಒಣಗಿರುವಾಗ, 12ರ ಗಾರ್ಡ್ ಹಾಕಿ ಎಲ್ಲ ಕಡೆ ಒಂದು ಸುತ್ತು ಮುಗಿಸಿ. ನಡುನಡುವೆ ಗಾರ್ಡ್ ಬಿಚ್ಚಿ ಕೂದಲು ಕೊಡವಿ. ಆಮೇಲೆ ಎದೆಗೆ 9, ಹೊಟ್ಟೆಗೆ 6. ಅಲ್ಲಿಗೆ ನಿಲ್ಲಿಸಿ ಬಟ್ಟೆ ಹಾಕ್ಕೊಂಡು ಎರಡು ದಿನ ಓಡಾಡಿ. ಇನ್ನೂ ಜಾಸ್ತಿ ಅನ್ನಿಸಿದರೆ ಒಂದು ಮೆಟ್ಟಿಲು ಇಳೀರಿ. ಕತ್ತರಿಸಿದ್ದನ್ನ ಮತ್ತೆ ಅಂಟಿಸೋಕಾಗಲ್ಲ ನೋಡಿ.

ಹೊಟ್ಟೆಗೆ ಯಾಕೆ ಕಡಿಮೆ ಅಂತೀರಾ? ಎದೆ ಕೂದಲು ಸಾಮಾನ್ಯವಾಗಿ ದಟ್ಟ, ಹೊಟ್ಟೆಯದು ಸ್ವಲ್ಪ ವಿರಳ. ಎರಡೂ ಕಡೆ ಒಂದೇ ಅಳತೆ ಬಿಟ್ಟರೆ ಹೊಟ್ಟೆ ಮೇಲಿನದು ಎದ್ದು ಕಾಣುತ್ತೆ. ಎದೆಯಿಂದ ಹೊಟ್ಟೆಗೆ ಇಳಿಯೋ ಜಾಗದಲ್ಲಿ ಗೆರೆ ಎಳೆದಂತೆ ಆಗಬಾರದು ಅಂದ್ರೆ, ಪಕ್ಕೆಲುಬು ಮುಗಿಯೋ ಕಡೆ ಟ್ರಿಮ್ಮರನ್ನು ಮೈಯಿಂದ ನಿಧಾನ ಮೇಲಕ್ಕೆತ್ತುತ್ತಾ ಹೊರಗೆ ತನ್ನಿ. ಕುತ್ತಿಗೆ ಬುಡದಲ್ಲೂ ಹಾಗೇ. ಕಾಲರ್ ಮೂಳೆ ಕೆಳಗೆ ಸಪಾಟಾಗಿ ಗಡಿ ಹಾಕಿದರೆ ಬನಿಯನ್ ತೊಟ್ಟಂತೆ ಕಾಣುತ್ತೆ.

3ಕ್ಕಿಂತ ಕೆಳಗೆ ಹೋಗಬೇಡಿ ಅನ್ನೋದು ನನ್ನ ಸಲಹೆ. ಒಂದೆರಡು ಮಿ.ಮೀ. ಕೂದಲು ಬಾಗಲ್ಲ, ತುದಿ ಮೊಂಡಾಗಿ ನೆಟ್ಟಗೆ ನಿಂತು ಬಟ್ಟೆಗೆ, ಚರ್ಮಕ್ಕೆ ಚುಚ್ಚುತ್ತೆ. ಬೋಳಿಸಿದ ನಾಲ್ಕೈದು ದಿನಕ್ಕೆ ಜನ ಕೆರ್ಕೊಳ್ಳೋದು ಇದಕ್ಕೇ. ಆರು ಮಿ.ಮೀ. ದಾಟಿದ ಕೂದಲು ಮಲಗುತ್ತೆ, ಚುಚ್ಚಲ್ಲ.

ಹೊಸ ಕೈ: ನನ್ನ ಹತ್ರ ಇರೋ ಮಷಿನ್ ಗಾರ್ಡ್ ಮೇಲೆ 1, 2, 3 ಅಂತ ಇದೆ. 3 ಅಂದ್ರೆ 3 ಮಿ.ಮೀ. ತಾನೆ?

ಚರ್ಮವೈದ್ಯೆ: ಇರಲಿಕ್ಕಿಲ್ಲ. ತಲೆ ಕೂದಲಿನ ಎಷ್ಟೋ ಕ್ಲಿಪ್ಪರ್‌ಗಳಲ್ಲಿ 1 ಅಂದ್ರೆ 3 ಮಿ.ಮೀ., 2 ಅಂದ್ರೆ 6, 3 ಅಂದ್ರೆ ಸುಮಾರು 10. ಜೊತೆ ಬಂದ ಕಾಗದ ಓದಿ. ಕಳೆದುಹೋಗಿದ್ರೆ ಎಲ್ಲಕ್ಕಿಂತ ದೊಡ್ಡ ಗಾರ್ಡಿಂದ ಶುರುಮಾಡಿ.

ಕತ್ತರಿ ಕೈ: ಮುಖ್ಯವಾದ ವಿಷಯ ಯಾರೂ ಹೇಳ್ತಿಲ್ಲ. ಕೂದಲು ಬೆಳೆಯೋ ದಿಕ್ಕಿಗೇ ಹೊಡೀಬೇಕು. ಎದುರು ಹೊಡೆದ್ರೆ ಕೂದಲು ಒಳಗೇ ಬೆಳೆದು ಗುಳ್ಳೆ ಗ್ಯಾರಂಟಿ. ಸಲೂನಲ್ಲಿ ಎಂಟು ವರ್ಷ ಕೆಲಸ ಮಾಡಿದವನು ಹೇಳ್ತಿದೀನಿ.

ಚರ್ಮವೈದ್ಯೆ: ರೇಜರಿಗೆ ನಿಮ್ಮ ಮಾತು ನಿಜ. ಎದುರು ದಿಕ್ಕಿಗೆ ಬುಡಕ್ಕೇ ಕೊಯ್ದರೆ ತುದಿ ಚರ್ಮದೊಳಗೆ ಸರಿಯುತ್ತೆ, ಗುಂಗುರು ಕೂದಲಾದ್ರೆ ಅಲ್ಲೇ ಸುರುಳಿ ಸುತ್ತುತ್ತೆ. ಆದರೆ 6 ಮಿ.ಮೀ. ಗಾರ್ಡ್ ಹಾಕಿದ ಟ್ರಿಮ್ಮರ್ ಚರ್ಮದ ಹತ್ತಿರಕ್ಕೂ ಹೋಗಲ್ಲ. ಬೆಳೆಯೋ ದಿಕ್ಕಿಗೇ ಓಡಿಸಿದರೆ ಹಲ್ಲುಗಳು ಕೂದಲನ್ನ ಬಾಚಿಕೊಂಡು ಹೋಗ್ತವೆ, ಅರ್ಧ ಕತ್ತರಿಸಲ್ಲ. ಎದೆ ಕೂದಲು ಒಂದೇ ದಿಕ್ಕಿಗೆ ಬೆಳೆಯೋದೂ ಇಲ್ಲ. ಪಕ್ಕದಿಂದ ನಡುವಿಗೆ ಬರುತ್ತೆ, ಕೆಲವರಿಗೆ ಸುಳಿ ಇರುತ್ತೆ. ಗಾರ್ಡ್ ಇದ್ದಾಗ ಕೆಳಗಿಂದ ಮೇಲೆ, ಅಡ್ಡ, ಓರೆ ಮೂರೂ ಹೊಡೀರಿ.

ಕತ್ತರಿ ಕೈ: ಪುಸ್ತಕದ ಮಾತು ಬೇರೆ, ಕೈ ಅನುಭವ ಬೇರೆ ಮೇಡಂ.

ನೇರ ಮಾತು: ಎಂಟು ವರ್ಷ ಗಡ್ಡ ಕೆರೆದವರು ಬೆನ್ನಿಗೂ ಅದೇ ಲೆಕ್ಕ ಹಾಕಿದ್ರೆ ಹೇಗೆ ಅಣ್ಣ?

ಕತ್ತರಿ ಕೈ: ನಿನ್ನ ಕೇಳಿದ್ನಾ?

ಬೆನ್ನಿಗ: ಮೇಡಂ ನಮಸ್ಕಾರ. ಬೆನ್ನಿನ ಕೂದಲನ್ನ ರೂಮ್‌ಮೇಟ್ ಕೈಲಿ ಗಾರ್ಡ್ ಇಲ್ಲದೆ ಹೊಡೆಸಿದೆ. ಹತ್ತು ದಿನಕ್ಕೆ ಬೆನ್ನು ತುಂಬ ಸಣ್ಣ ಗುಳ್ಳೆ, ಬೆವರಿದ್ರೆ ಭಯಂಕರ ತುರಿಕೆ. ಅವನೇ ಒಂದು ಮುಲಾಮು ಕೊಟ್ಟ, ಮೂರು ದಿನ ಪೂರ್ತಿ ತಣಿದಿತ್ತು. ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ. ಟ್ರಿಮ್ಮರ್ ಅಲರ್ಜಿನಾ?

ಚರ್ಮವೈದ್ಯೆ: ಸ್ವಲ್ಪ ಕೇಳ್ಬೇಕು. ಗುಳ್ಳೆಗಳೆಲ್ಲ ಒಂದೇ ಗಾತ್ರವಾ, ದೊಡ್ಡವು ಚಿಕ್ಕವು ಬೆರೆತಿವೆಯಾ? ಮುಟ್ಟಿದ್ರೆ ನೋವಾ, ಬರೀ ತುರಿಕೆಯಾ? ಕೂದಲು ಕತ್ತರಿಸದ ಜಾಗದಲ್ಲೂ ಇವೆಯಾ? ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?

ಶುಭೋದಯ ಬಳಗ: ಬೆನ್ನಿಗ ಅವರೇ, ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ರಾತ್ರಿ ಹಚ್ಚಿ ಬೆಳಗ್ಗೆ ತೊಳೆಯಿರಿ. ಮೂರೇ ದಿನದಲ್ಲಿ ಗುಳ್ಳೆ ಮಾಯ!! ಸಾವಿರಾರು ಜನಕ್ಕೆ ಉಪಯೋಗವಾಗಿದೆ. ಎಲ್ಲರಿಗೂ ಕಳುಹಿಸಿ 🙏

ಚರ್ಮವೈದ್ಯೆ: ದಯವಿಟ್ಟು ಬೇಡ. ಒಂದು ಹುಳಿ, ಇನ್ನೊಂದು ಕ್ಷಾರ, ಎರಡೂ ಕೆರೆದ ಚರ್ಮವನ್ನ ಸುಡ್ತವೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ.

ಹಿರಿಯರು: ಅಮ್ಮಾ, ನನಗೆ ಅರವತ್ತೆರಡು. ರಕ್ತ ತೆಳುವಾಗೋ ಮಾತ್ರೆ ತಗೋತೀನಿ. ನಾನು ಟ್ರಿಮ್ಮರ್ ಬಳಸಬಹುದಾ?

ಬೆನ್ನಿಗ: ಎಲ್ಲ ಒಂದೇ ಸೈಜ್ ಮೇಡಂ, ಸಾಸಿವೆಯಷ್ಟು. ನೋವಿಲ್ಲ, ತುರಿಕೆ ಮಾತ್ರ. ಟ್ರಿಮ್ ಮಾಡಿದ್ದು ಬೆನ್ನಿನ ಕೆಳಗರ್ಧ, ಭುಜದ ಹತ್ರ ಮುಟ್ಟೇ ಇಲ್ಲ. ಆದ್ರೆ ಈಗ ಜಾಸ್ತಿ ಇರೋದೇ ಭುಜದ ಹತ್ರ, ಎದೆ ಮೇಲ್ಭಾಗದಲ್ಲೂ ಸ್ವಲ್ಪ. ಮುಖದ ಮೊಡವೆಗೆ ಎರಡು ತಿಂಗಳಿಂದ ಡಾಕ್ಸಿಸೈಕ್ಲಿನ್ ತಗೋತಿದೀನಿ.

ಚರ್ಮವೈದ್ಯೆ: ಇದೇ ಬೇಕಿತ್ತು. ಫೋಟೋ ನೋಡದೆ ಹೇಳ್ತಿದೀನಿ, ಇದು ರೋಗನಿರ್ಣಯ ಅಲ್ಲ, ಅನುಮಾನ.

ಟ್ರಿಮ್ಮರೇ ಕಾರಣ ಆಗಿದ್ರೆ ಗುಳ್ಳೆ ಟ್ರಿಮ್ ಮಾಡಿದ ಜಾಗದಲ್ಲಿ ಇರಬೇಕಿತ್ತು. ನಿಮ್ಮದು ಮುಟ್ಟದ ಜಾಗದಲ್ಲೇ ಜಾಸ್ತಿ. ಒಳಗೆ ಬೆಳೆದ ಕೂದಲಾಗಿದ್ರೆ ಅಲ್ಲೊಂದು ಇಲ್ಲೊಂದು, ಬೇರೆ ಬೇರೆ ಗಾತ್ರ, ಹತ್ತಿರ ನೋಡಿದ್ರೆ ಚರ್ಮದಡಿ ಕಪ್ಪು ಸುರುಳಿ ಕಾಣುತ್ತೆ. ಬ್ಯಾಕ್ಟೀರಿಯಾ ಸೋಂಕಾದ್ರೆ ಸಾಮಾನ್ಯವಾಗಿ ನೋವು, ತುದಿಯಲ್ಲಿ ಹಳದಿ ಕೀವು. ಎಲ್ಲ ಒಂದೇ ಅಳತೆ, ನೋವಿಲ್ಲ, ಬೆವರಿದ್ರೆ ತುರಿಕೆ, ಭುಜ ಮತ್ತು ಎದೆ ಮೇಲ್ಭಾಗ, ಜೊತೆಗೆ ಎರಡು ತಿಂಗಳ ಆಂಟಿಬಯೋಟಿಕ್. ಇಷ್ಟು ಕೂಡಿದಾಗ ನನಗೆ ಮೊದಲು ನೆನಪಾಗೋದು ಮಲಸೀಜಿಯಾ. ಎಲ್ಲರ ಚರ್ಮದ ಮೇಲೂ ವಾಸಿಸೋ ಯೀಸ್ಟ್ ಅದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನ ತಗ್ಗಿಸಿದಾಗ ಇದಕ್ಕೆ ಜಾಗ ಸಿಗುತ್ತೆ, ಕೂದಲ ಬುಡಕ್ಕೆ ಇಳಿಯುತ್ತೆ. ನೋಡಿದವರು ಮೊಡವೆ ಅಂತ ತಿಳಿದು ಇನ್ನಷ್ಟು ಆಂಟಿಬಯೋಟಿಕ್ ಕೊಡ್ತಾರೆ, ಅದು ಇನ್ನಷ್ಟು ಹರಡುತ್ತೆ.

ನನಗೆ ಚಿಂತೆ ಇರೋದು ಮುಲಾಮಿನ ಬಗ್ಗೆ. ಮೂರು ದಿನ ತಣಿದು, ಬಿಟ್ಟ ಕೂಡಲೇ ಇಮ್ಮಡಿಸೋದು ಸ್ಟೆರಾಯ್ಡ್ ಲಕ್ಷಣ. ಅದು ತುರಿಕೆ ಅಡಗಿಸುತ್ತೆ, ಒಳಗಿನ ಯೀಸ್ಟನ್ನ ಸಾಯಿಸಲ್ಲ, ಸಾಕುತ್ತೆ. ದಿನಗಟ್ಟಲೆ ಹಚ್ಚಿದರೆ ಸ್ಟೆರಾಯ್ಡೇ ಇಂಥ ಗುಳ್ಳೆ ತರಿಸಬಹುದು. ಟ್ಯೂಬ್ ಮೇಲೆ ಏನು ಬರೆದಿದೆ ಓದಿ ಹೇಳಿ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಇಂಥ ಹೆಸರು ಇದೆಯಾ?

ನೇರ ಮಾತು: ಹಾಗಾದ್ರೆ ರೂಮ್‌ಮೇಟ್ ಟ್ರಿಮ್ಮರ್ ನಿರಪರಾಧಿ!

ಚರ್ಮವೈದ್ಯೆ: ಪೂರ್ತಿ ಅಲ್ಲ. ಗಾರ್ಡ್ ಇಲ್ಲದ ಬ್ಲೇಡ್ ಕೆರೆದ ಚರ್ಮ ಯಾವ ಸೋಂಕಿಗೂ ಬಾಗಿಲು ತೆರೆದಂಗೆ. ಒಬ್ಬರ ಟ್ರಿಮ್ಮರ್ ಇನ್ನೊಬ್ಬರಿಗೆ ಬೇಡ.

ಮೀಸೆ ಮಾವ: ನಮ್ಮ ಕಾಲದಲ್ಲಿ ಎದೆ ತುಂಬ ಕೂದಲಿದ್ರೆ ಗಂಡಸು ಅಂತಿದ್ರು. ಈಗಿನವರಿಗೆ ಮಿ.ಮೀ. ಲೆಕ್ಕ.

ಅಕ್ಕ ಒಬ್ಬಳು: ಮಾವ, ಬೆವರು ವಾಸನೆ ಅನುಭವಿಸೋರು ನಾವು. ಲೆಕ್ಕ ಹಾಕ್ಕೊಳ್ಳಲಿ ಬಿಡಿ.

ಮೀಸೆ ಮಾವ: ವಾಸನೆಗೆ ಸ್ನಾನ ಇದೆ, ಕತ್ತರಿ ಯಾಕೆ?

ಅಕ್ಕ ಒಬ್ಬಳು: ಅದನ್ನೂ ದಿನಾ ಹೇಳ್ಬೇಕಾಗುತ್ತೆ.

ಮಲೆಗಾಳಿ: ಮೇಡಂ ಒಮ್ಮೆ ಟ್ರಿಮ್ ಮಾಡಿದ್ರೆ ಮುಂದೆ ದಪ್ಪ ಬೆಳೆಯುತ್ತಾ?

ಚರ್ಮವೈದ್ಯೆ: ಇಲ್ಲ. ಚೂಪು ತುದಿ ಹೋಗಿ ಮೊಂಡಾಗುತ್ತೆ, ಅದಕ್ಕೇ ಒರಟು ಅನ್ನಿಸುತ್ತೆ. ಬುಡ ಬದಲಾಗಲ್ಲ.

ಹೊಸ ಕೈ: ಮೊಲೆತೊಟ್ಟಿನ ಹತ್ರ, ಹೊಕ್ಕುಳ ಹತ್ರ ಹೇಗೆ? ಭಯ ಆಗುತ್ತೆ.

ಚರ್ಮವೈದ್ಯೆ: ಭಯ ಇರಲಿ, ಒಳ್ಳೇದು. ತೊಟ್ಟನ್ನ ಬೆರಳಿಂದ ಮುಚ್ಚಿ ಸುತ್ತ ಗಾರ್ಡ್ ಸಮೇತ ಹೋಗಿ. ಗಾರ್ಡ್ ಬಿಚ್ಚೋದು ಆ ಜಾಗದಲ್ಲಂತೂ ಬೇಡವೇ ಬೇಡ. ಹೊಟ್ಟೆ ಮಡಿಕೆ ಇದ್ರೆ ನೆಟ್ಟಗೆ ನಿಂತು, ಇನ್ನೊಂದು ಕೈಯಿಂದ ಚರ್ಮ ಮೇಲಕ್ಕೆ ಎಳೆದು ಹಿಡಿಯಿರಿ. ಹಲ್ಲುಗಳು ಸಡಿಲ ಚರ್ಮವನ್ನ ಚಿವುಟ್ತವೆ. ಮೇಲೆದ್ದ ಮಚ್ಚೆ, ನೇತಾಡೋ ಚರ್ಮದ ಗಂಟು ಇದ್ರೆ ಮೊದಲೇ ಕೈಯಾಡಿಸಿ ಗುರುತು ಮಾಡ್ಕೊಳ್ಳಿ, ದಟ್ಟ ಕೂದಲಲ್ಲಿ ಕಾಣಲ್ಲ. ಮಚ್ಚೆ ಕೊಯ್ದು ಎರಡು ವಾರ ಆದ್ರೂ ವಾಸಿ ಆಗದಿದ್ರೆ, ಏನೂ ತಾಗದೆ ರಕ್ತ ಒಸರಿದ್ರೆ ತೋರಿಸಿ.

ಮಲೆಗಾಳಿ: ಎದೆಗೆ ಎಷ್ಟು ಮಿ.ಮೀ. ಸೂಕ್ತ?

ಚರ್ಮವೈದ್ಯೆ: ಮೇಲೆ ಓದಿ.

ಶುಭೋದಯ ಬಳಗ: ಮೇಡಂ ಪ್ರಕೃತಿಯ ಮದ್ದನ್ನ ಹೀಗಳೆಯಬೇಡಿ. ಪಟಿಕ ಉಜ್ಜಿದ್ರೂ ಗುಳ್ಳೆ ಹೋಗುತ್ತೆ.

ಚರ್ಮವೈದ್ಯೆ: ಸಣ್ಣ ಗಾಯದ ರಕ್ತ ನಿಲ್ಲಿಸೋಕೆ ಪಟಿಕ ಸರಿ. ಹರಡಿದ ಗುಳ್ಳೆ ಮೇಲೆ ಉಜ್ಜಿದ್ರೆ ಉರಿ ಬಿಟ್ಟು ಇನ್ನೇನೂ ಇಲ್ಲ. ಇನ್ನೊಂದು ಮದ್ದು ಬಂದ್ರೆ ನಾನು ಉತ್ತರ ಬರೆಯೋದು ನಿಲ್ಲಿಸ್ತೀನಿ.

ಕತ್ತರಿ ಕೈ: ಅಷ್ಟು ಸಿಟ್ಟು ಯಾಕೆ? ಒಳ್ಳೇದಕ್ಕೇ ಹೇಳಿದ್ರು.

ನೇರ ಮಾತು: ಒಳ್ಳೇದಕ್ಕೆ ಹೇಳಿದ್ದು ಹಚ್ಚಿಕೊಂಡೇ ಬೆನ್ನಿಗ ಇಲ್ಲಿ ಕೂತಿರೋದು.

ದಟ್ಟಾರಣ್ಯ: ವರದಿ: 12 ಆಯ್ತು, ಎದೆಗೆ 9, ಹೊಟ್ಟೆಗೆ 6 ಆಯ್ತು. ಚೆನ್ನಾಗಿದೆ. ಆದ್ರೆ ಎದೆ ಎಡಗಡೆ ಒಂದು ತೇಪೆ ಉದ್ದ ಉಳಿದಿದೆ. ಮೈ ಒದ್ದೆ ಇದ್ದಾಗ ಕಾಣಿಸಿರಲಿಲ್ಲ.

ಚರ್ಮವೈದ್ಯೆ: ಒಣ ಮೈ ಅಂದಿದ್ದೆ. ಒದ್ದೆ ಕೂದಲು ಮಲಗುತ್ತೆ, ಗಾರ್ಡ್ ಅದರ ಮೇಲೆ ಜಾರಿ ಹೋಗುತ್ತೆ. ಅಲ್ಲೇ ಅಡ್ಡಕ್ಕೆ 9ರಲ್ಲಿ ಇನ್ನೊಮ್ಮೆ. ಸರಿ ಮಾಡ್ತೀನಿ ಅಂತ 6ಕ್ಕೆ ಇಳಿಸಬೇಡಿ, ಆಮೇಲೆ ಬಲಗಡೆಯೂ ಇಳಿಸಬೇಕಾಗುತ್ತೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂ.ಮೀ. ಬೆಳೆಯುತ್ತೆ, ಮೂರು ವಾರಕ್ಕೊಮ್ಮೆ ಮಾಡಿದ್ರೆ ಸಾಕು.

ಹಿರಿಯರು: ಅಮ್ಮಾ, ನನ್ನ ಪ್ರಶ್ನೆ ಉಳಿದುಹೋಯ್ತು.

ಮಲೆಗಾಳಿ: ಲೇಸರ್ ಮಾಡಿಸಿದ್ರೆ ಈ ತಲೆನೋವೇ ಇಲ್ಲ ಅಲ್ವಾ?

ಮೀಸೆ ಮಾವ: ಲೇಸರ್ ಅಂತೆ! ಇನ್ನು ಮೀಸೆಗೂ ಲೇಸರ್ ಮಾಡಿಸ್ತೀರಿ.

ಬೆನ್ನಿಗ: ಮೇಡಂ, ಟ್ಯೂಬ್ ಸಿಕ್ತು. ಕ್ಲೋಬೆಟಸಾಲ್ ಅಂತಿದೆ, ಜೊತೆಗೆ ಇನ್ನೆರಡು ಹೆಸರು. ಆರು ದಿನ ಹಚ್ಚಿದೀನಿ, ನಿನ್ನೆ ರಾತ್ರಿನೂ.

ಚರ್ಮವೈದ್ಯೆ: ಇವತ್ತಿಂದ ಹಚ್ಚಬೇಡಿ. ಎರಡು ಮೂರು ದಿನ ತುರಿಕೆ ಏರುತ್ತೆ, ಆಗ ಕೈ ಮತ್ತೆ ಟ್ಯೂಬಿಗೇ ಹೋಗುತ್ತೆ, ಅದಕ್ಕೆ ಅದನ್ನ ಮನೆಯಲ್ಲೇ ಇಡಬೇಡಿ. ಎಸೆಯೋಕೆ ಮುಂಚೆ ಡಾಕ್ಟರಿಗೆ ತೋರಿಸಲು ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಸಿಸೈಕ್ಲಿನ್ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನ ಈ ವಾರವೇ ಕಂಡು ಹೊಸ ಗುಳ್ಳೆ ತೋರಿಸಿ. ಗುಳ್ಳೆಯಿಂದ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಯೀಸ್ಟ್ ಹೌದೋ ಅಲ್ಲವೋ ತಿಳಿಯುತ್ತೆ. ಹೌದಾದ್ರೆ ಔಷಧಿಯೇ ಬೇರೆ, ಅದನ್ನ ಇಲ್ಲಿ ಬರೆಯಲ್ಲ, ನಾಳೆ ಅದೂ ಫಾರ್ವರ್ಡ್ ಆಗಿ ಸುತ್ತುತ್ತೆ. ಅಲ್ಲಿವರೆಗೆ ಸಡಿಲ ಹತ್ತಿ ಬಟ್ಟೆ, ಬೆವರಿದ ಕೂಡಲೇ ಸ್ನಾನ, ಬೆನ್ನಿಗೆ ಎಣ್ಣೆ ಬೇಡ, ಟ್ರಿಮ್ಮರೂ ಬೇಡ.

ಬೆನ್ನಿಗ: ರೂಮ್‌ಮೇಟ್‌ಗೂ ಈಗ ಎದೆ ಮೇಲೆ ಅಂಥದ್ದೇ ಕಾಣಿಸ್ತಿದೆ ಅಂತಾನೆ. ಅವನೂ ಅದೇ ಮುಲಾಮು ಹಚ್ತಿದಾನೆ.

ಚರ್ಮವೈದ್ಯೆ: ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ.