ತಮ್ಮ ಎರಡು ಲಕ್ಷ ಕೇಳಿದ್ದಾನೆ, ಇಲ್ಲ ಅಂತ ಹೇಗೆ ಬರೆಯಲಿ?

ಪ್ರಶ್ನೆ: ಚಿಕ್ಕಮ್ಮನ ಮಗ ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಡಿ ದೊಡ್ಡದು ಮಾಡಲು ಎರಡು ಲಕ್ಷ ಬೇಕು ಅಂತ ವಾಟ್ಸಾಪ್‌ನಲ್ಲಿ ಕೇಳಿದ್ದಾನೆ. ನಮಗೆ ಮನೆ ಸಾಲದ ಕಂತು ಇದೆ, ಕೊಡಲು ಆಗುವುದಿಲ್ಲ. "ನೋಡೋಣ" ಅಂದು ಸುಮ್ಮನಾಗಿದ್ದೇನೆ. ಗೌರಿ ಹಬ್ಬಕ್ಕೆ ಊರಿಗೆ ಹೋಗಬೇಕು, ಅವನ ಜೊತೆ ಮುಖ ಕೊಟ್ಟು ಮಾತಾಡುವ ಹಾಗಿರಬೇಕು. ಏನಂತ ಬರೆಯಲಿ?

ಕುಟುಂಬ ಆಪ್ತಸಮಾಲೋಚಕಿ: ಇವತ್ತೇ ಬರೆಯಿರಿ. ನಿಮ್ಮ ಮಾತನ್ನು ಅವನು ಅರ್ಧ ಒಪ್ಪಿಗೆ ಅಂತ ತಿಳಿದಿರಬಹುದು. ಅದನ್ನು ನಂಬಿ ಯಾರಿಗಾದರೂ ಮುಂಗಡ ಕೊಟ್ಟುಬಿಟ್ಟರೆ, ಇಲ್ಲ ಅಂದದ್ದಕ್ಕಿಂತ ತಡವಾಗಿ ಅಂದದ್ದೇ ಜಾಸ್ತಿ ನೋಯಿಸುತ್ತದೆ. ಅವನಿಗೆ ಮಾತ್ರ ಕಳಿಸಿ, ಮನೆಯವರ ಗುಂಪಿನಲ್ಲಿ ಬೇಡ. ಹೀಗೆ ಬರೆಯಬಹುದು:

"ಪುಟ್ಟ, ಅಂಗಡಿ ದೊಡ್ಡದು ಮಾಡ್ತಿರೋದು ಕೇಳಿ ತುಂಬಾ ಖುಷಿಯಾಯ್ತು. ದುಡ್ಡಿನ ವಿಷಯ ನೇರವಾಗೇ ಹೇಳ್ತೀನಿ ಕಣೋ, ನಮ್ಮ ಕೈಲಿ ಕೊಡೋಕೆ ಆಗಲ್ಲ. ನಾನೂ ನಿಮ್ಮ ಭಾವನೂ ಕೂತು ಮಾತಾಡಿಯೇ ಹೇಳ್ತಿದೀವಿ. ಇಷ್ಟು ದಿನ ಕಾಯಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಬ್ಯಾಂಕಿನಲ್ಲಿ ಮುದ್ರಾ ಸಾಲಕ್ಕೆ ಹಾಕೋದಾದ್ರೆ ಭಾನುವಾರ ಇಬ್ರೂ ಕೂತು ಅರ್ಜಿ ತುಂಬೋಣ. ಹಬ್ಬಕ್ಕೆ ಬರ್ತೀನಿ, ಅಂಗಡಿ ತೋರಿಸು."

ಇದರಲ್ಲಿ ಕಂತಿನ ಲೆಕ್ಕ ಬೇಕಂತಲೇ ಹಾಕಿಲ್ಲ. ಲೆಕ್ಕ ಕೊಟ್ಟರೆ ಅವನೂ ಲೆಕ್ಕ ಹಾಕುತ್ತಾನೆ, "ಹಾಗಾದ್ರೆ ಒಂದು ಲಕ್ಷ, ಮೂರು ತಿಂಗಳಿಗೆ" ಅನ್ನುತ್ತಾನೆ. "ಸದ್ಯಕ್ಕೆ ಆಗಲ್ಲ" ಅಂತಲೂ ಬರೆಯಬೇಡಿ, ದೀಪಾವಳಿಗೆ ಮತ್ತೆ ಕೇಳುತ್ತಾನೆ. "ನಿಮ್ಮ ಭಾವ ಬೇಡ ಅಂದ್ರು" ಅನ್ನುವುದಂತೂ ಬೇಡವೇ ಬೇಡ. ಹಬ್ಬದ ದಿನ ಎಲ್ಲರೂ ಅವರ ಮುಖ ನೋಡುತ್ತಾರೆ, ಪಾಪ.

ಒಬ್ಬರು: ಇಷ್ಟೆಲ್ಲಾ ಯಾಕೆ? ದುಡ್ಡೆಲ್ಲಾ ಎಫ್‌ಡಿಯಲ್ಲಿದೆ ಅಂದುಬಿಡಿ. ಯಾರಿಗೂ ಬೇಜಾರಾಗಲ್ಲ.

ಆಪ್ತಸಮಾಲೋಚಕಿ: ಚಿಕ್ಕದಾಗಿ ಹೇಳಬೇಕು ಅನ್ನುವುದು ಸರಿ. ಆದರೆ ಎಫ್‌ಡಿ ಮುರಿಸಬಹುದು, ಅದರ ಮೇಲೆ ಸಾಲವೂ ಸಿಗುತ್ತದೆ ಅಂತ ಅಂಗಡಿ ನಡೆಸುವವನಿಗೆ ಗೊತ್ತಿರುತ್ತದೆ. ಅದನ್ನೇ ಕೇಳಿದರೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ನಾಳೆ ನೀವು ಸ್ಕೂಟರ್ ತಗೊಂಡರೂ ಅವನಿಗೆ ಚುಚ್ಚುತ್ತದೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್: ಮುದ್ರಾದಲ್ಲಿ ಕಿಶೋರ ವರ್ಗದ ಸಾಲ 50,000 ದಾಟಿ 5 ಲಕ್ಷದವರೆಗೆ ಸಿಗುತ್ತದೆ, ಅಡಮಾನ ಬೇಕಿಲ್ಲ. ಕೊಡುವುದು ಬಿಡುವುದು ಬ್ಯಾಂಕಿನ ಕೈಯಲ್ಲಿದೆ, ಹಾಗಾಗಿ ಸಿಕ್ಕೇ ಸಿಗುತ್ತದೆ ಅಂತ ಅವನಿಗೆ ಮಾತು ಕೊಡಬೇಡಿ. ಬೇರೆ ಸಾಲಕ್ಕೆ ಹೋದರೆ "ಜಾಮೀನು ಹಾಕಕ್ಕ, ದುಡ್ಡೇನೂ ಕೊಡಬೇಡ" ಅನ್ನಬಹುದು. ಸುಮ್ನೆ ಒಂದು ಸಹಿ ಅಲ್ಲ ಅದು. ಅವನು ಕಟ್ಟದಿದ್ದರೆ ಬಾಕಿ ಪೂರ್ತಿ ನಿಮ್ಮ ಮೇಲೆ. ಮೊದಲು ಅವನ ಮೇಲೆ ಕೇಸು ಹಾಕಬೇಕು ಅಂತಲೂ ಸಾಮಾನ್ಯವಾಗಿ ಇಲ್ಲ, ಬ್ಯಾಂಕ್ ನೇರ ನಿಮ್ಮ ಹತ್ತಿರವೇ ಬರಬಹುದು. ನಿಮ್ಮ ಸಿಬಿಲ್ ವರದಿಯಲ್ಲೂ ಆ ಸಾಲ ಕಾಣುತ್ತದೆ.

ಆಪ್ತಸಮಾಲೋಚಕಿ: ಮೆಸೇಜಿನಲ್ಲಿ ಜಾಮೀನಿನ ಮಾತು ಎತ್ತಬೇಡಿ, ಅವನಿನ್ನೂ ಕೇಳಿಲ್ಲ. ಮನೆಯಲ್ಲಿ ಮಾತ್ರ ಈಗಲೇ ತೀರ್ಮಾನ ಮಾಡಿಕೊಂಡಿರಿ.

ಇನ್ನೊಬ್ಬರು: ನಮ್ಮ ಭಾವಮೈದುನ 80,000 ತಗೊಂಡು ಮೂರು ವರ್ಷ ಆಗ್ತಾ ಬಂತು. ವಾಪಸ್ ಕೇಳೋಕೆ ನನಗೂ ಒಂದು ಮೆಸೇಜ್ ಬರೆದುಕೊಡಿ ಮೇಡಂ.

ನಿವೃತ್ತ ಬ್ಯಾಂಕ್ ಮ್ಯಾನೇಜರ್: ನಿಮ್ಮದು ಬೇರೆ ವಿಷಯ, ಬೇರೆ ಪ್ರಶ್ನೆಯಾಗಿ ಹಾಕಿ. ಆದರೆ ತಡ ಮಾಡಬೇಡಿ. ಇಂಥ ಸಾಲಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರೇ ವರ್ಷ. ಈ ವಾರವೇ ವಕೀಲರನ್ನು ಕಾಣಿ.

ಪ್ರಶ್ನೆ ಕೇಳಿದವರು: ಮೆಸೇಜ್ ಕಳಿಸಿದೆ. "ಪರವಾಗಿಲ್ಲ ಅಕ್ಕ" ಅಂದ. ಆದರೆ ರಾತ್ರಿ ಚಿಕ್ಕಮ್ಮ ನಮ್ಮ ಅಮ್ಮನಿಗೆ ಫೋನ್ ಮಾಡಿದ್ದಾರೆ. ಅಮ್ಮ "ಐವತ್ತು ಸಾವಿರವಾದರೂ ಕೊಡು" ಅಂತಿದ್ದಾರೆ.

ಆಪ್ತಸಮಾಲೋಚಕಿ: ಅವನಿಗೆ ಹೇಳಿದ್ದನ್ನೇ ಅಮ್ಮನಿಗೂ ಹೇಳಿ, ಒಂದು ಮಾತೂ ಬದಲಾಗದಿರಲಿ. ಏನಾದರೂ ಕೊಡಲೇಬೇಕು ಅನ್ನಿಸಿದರೆ, ವಾಪಸ್ ಬರದಿದ್ದರೂ ನಿಮ್ಮ ಮನೆ ನಡೆಯುವಷ್ಟು ಮಾತ್ರ ಕೊಡಿ. ಅದನ್ನು ಸಾಲ ಅನ್ನದೆ ಅಂಗಡಿಗೆ ಅಕ್ಕನ ಉಡುಗೊರೆ ಅಂತಲೇ ಕೊಡಿ.

ಒಬ್ಬರು: ಇದು ನನಗೆ ಒಪ್ಪಿಗೆ ಇಲ್ಲ. ಅಮ್ಮ ಹೇಳಿದ ಮೇಲೆ ಕೊಟ್ಟರೆ, ಮುಂದೆ ಎಲ್ಲರೂ ಅಮ್ಮನ ಮೂಲಕವೇ ಕೇಳ್ತಾರೆ.

ಆಪ್ತಸಮಾಲೋಚಕಿ: ಆ ಭಯ ನನಗೂ ಇದೆ. ಕೊಡುವುದಾದರೆ ಹಬ್ಬ ಕಳೆದ ಮೇಲೆ ನೀವಾಗಿಯೇ ಕೊಡಿ. ಆದರೂ ಚಿಕ್ಕಮ್ಮ ಹೇಗೆ ತಗೊಳ್ಳುತ್ತಾರೋ ಹೇಳಲಾರೆ.

ಪ್ರಶ್ನೆ ಕೇಳಿದವರು: ಭಾನುವಾರ ಅಂಗಡಿಯ ಲೆಕ್ಕದ ಪುಸ್ತಕ ತರುತ್ತೇನೆ ಅಂದಿದ್ದಾನೆ. ಅಮ್ಮನ ಹತ್ತಿರ ಇನ್ನೂ ಮಾತಾಡಿಲ್ಲ.