ಪ್ರೊಬೇಷನ್ 3 ತಿಂಗಳು ಮುಂದುವರಿಸುವ ಪತ್ರ: ಸಹಾಯ ಬೇಕು

ನಮಸ್ಕಾರ. ನಮ್ಮದು ಬೆಂಗಳೂರಿನ ಸಣ್ಣ ವರ್ಕ್‌ಶಾಪ್. ಅಕೌಂಟ್ಸ್ ಹುಡುಗಿಯ 6 ತಿಂಗಳ ಪ್ರೊಬೇಷನ್ 30ಕ್ಕೆ ಮುಗಿಯುತ್ತದೆ. ಇನ್ನೂ 3 ತಿಂಗಳು ಮುಂದುವರಿಸಬೇಕು ಅಂದುಕೊಂಡಿದ್ದೇನೆ. ನೇಮಕ ಪತ್ರದಲ್ಲಿ ಅದಕ್ಕೆ ಅವಕಾಶ ಇದೆ, ನೋಡಿಕೊಂಡೆ. ಪತ್ರ 30ರ ಒಳಗೇ ಅವಳ ಕೈಗೆ ಕೊಡಬೇಕು.

ಮೊದಲು ‘ಕೆಲಸ ತೃಪ್ತಿಕರವಾಗಿಲ್ಲ’ ಅಂತ ಬರೆದು, ಹರಿದು ಹಾಕಿದೆ. ಅದರಿಂದ ಅವಳಿಗೆ ಏನು ತಿಳಿಯುತ್ತದೆ? ಈಗ ಹೀಗೆ ಬರೆದಿದ್ದೇನೆ:

“ಪಾರ್ಟಿಗಳ ಜೊತೆ ಮಾತು, ಬಾಕಿ ವಸೂಲಿ ಚೆನ್ನಾಗಿದೆ. ಆದರೆ ಕಳೆದ ತಿಂಗಳು ನೋಡಿದ 40 ಬಿಲ್‌ಗಳಲ್ಲಿ 9ರಲ್ಲಿ ಜಿಎಸ್‌ಟಿ ನಂಬರ್ ಅಥವಾ ಎಚ್‌ಎಸ್‌ಎನ್ ಕೋಡ್ ತಪ್ಪಿತ್ತು. ಮುಂದಿನ 3 ತಿಂಗಳಲ್ಲಿ ಇದು 40ಕ್ಕೆ 2ಕ್ಕಿಂತ ಜಾಸ್ತಿ ಆಗಬಾರದು. ಪ್ರತಿ ತಿಂಗಳ 5ಕ್ಕೆ ಇಬ್ಬರೂ ಕೂತು ಬಿಲ್ ನೋಡೋಣ.”

ಒಂದು ತಪ್ಪು ನನ್ನದೂ ಇದೆ. ಮೂರನೇ ತಿಂಗಳಲ್ಲೇ ಕೂತು ಹೇಳಬೇಕಿತ್ತು, ಹೇಳಲಿಲ್ಲ. ಒಮ್ಮೆ ಬಾಯಿಮಾತಲ್ಲಿ ‘ಸ್ವಲ್ಪ ನೋಡ್ಕೊಳಮ್ಮ’ ಅಂದಿದ್ದೆ, ಅಷ್ಟೇ. ಪತ್ರ ನೋಡಿ ‘ಇಷ್ಟು ದಿನ ಯಾಕೆ ಹೇಳಲಿಲ್ಲ ಸರ್?’ ಅಂತ ಕೇಳಿದರೆ ನ್ಯಾಯವೇ ಅಲ್ವಾ?

ಇದನ್ನು ಪತ್ರದಲ್ಲೇ ಒಪ್ಪಿಕೊಳ್ಳಬೇಕೋ, ಎದುರಿಗೆ ಹೇಳಿದರೆ ಸಾಕೋ? ಗುರಿ 3 ತಿಂಗಳೊಳಗೇ ಮುಟ್ಟಿದರೆ ಬೇಗ ಕಾಯಂ ಮಾಡುತ್ತೇವೆ ಅಂತಲೂ ಬರೆಯಬಹುದಾ? ಇಂಥ ಪತ್ರ ಕೊಟ್ಟವರು, ಪಡೆದವರು ಇಬ್ಬರೂ ಹೇಳಿ.